‘ಬ್ಯಾಕಪ್ ಬರ್ತಿಲ್ಲ’ ಎಂದರೆ ಸಾಲದು: ಇನ್ವರ್ಟರ್ ಬ್ಯಾಟರಿಯ ದೂರು ಬರೆಯುವ ಬಗೆ

ಮನೆಯ ಇನ್ವರ್ಟರ್ ಬ್ಯಾಟರಿ ಕೈಕೊಟ್ಟಾಗ ಕಂಪನಿಯ ಕಸ್ಟಮರ್ ಕೇರ್‌ಗೆ ಸಾಮಾನ್ಯವಾಗಿ ಹೋಗುವ ದೂರು ಎರಡೇ ಪದದ್ದು: ‘ಬ್ಯಾಕಪ್ ಬರ್ತಿಲ್ಲ’. ಮಾತು ನಿಜವೇ. ಆದರೆ ಅದರ ಹಿಂದೆ ನಾಲ್ಕು ಬೇರೆ ಬೇರೆ ಕಾರಣಗಳು ಇರಬಹುದು. ಬ್ಯಾಟರಿಯೇ ಕೆಟ್ಟಿರಬಹುದು. ಬ್ಯಾಟರಿ ಚೆನ್ನಾಗಿದ್ದು, ಇನ್ವರ್ಟರ್ ಅದಕ್ಕೆ ಸರಿಯಾಗಿ ಚಾರ್ಜ್ ಕೊಡದೆ ಇರಬಹುದು. ಎರಡೂ ಸರಿಯಿದ್ದು, ಮನೆಯವರಿಗೆ ತಿಳಿಯದಂತೆ ಫ್ರಿಜ್ಜೋ ಮಿಕ್ಸಿಯೋ ಇನ್ವರ್ಟರ್ ಲೈನಿಗೆ ಸೇರಿಕೊಂಡಿರಬಹುದು. ಇಲ್ಲವೇ ಕರೆಂಟೇ ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಬಂದು, ಬ್ಯಾಟರಿ ತುಂಬುವುದಕ್ಕೆ ಹೊತ್ತು ಸಿಗದೆ ಹೋಗಿರಬಹುದು. ಮಳೆಗಾಲದ ಮಲೆನಾಡಿನಲ್ಲಿ ಈ ಕೊನೆಯದು ಮಾಮೂಲಿ.

ನಾಲ್ಕಕ್ಕೂ ಪರಿಹಾರ ಬೇರೆ, ಹೊಣೆಗಾರರೂ ಬೇರೆ. ಅನೇಕ ಮನೆಗಳಲ್ಲಿ ಬ್ಯಾಟರಿ ಒಂದು ಕಂಪನಿಯದು, ಇನ್ವರ್ಟರ್ ಇನ್ನೊಂದರದು. ಆಗ ಬ್ಯಾಟರಿಯವರು ‘ಇನ್ವರ್ಟರ್ ಚಾರ್ಜ್ ಮಾಡ್ತಿಲ್ಲ’ ಎನ್ನುತ್ತಾರೆ, ಇನ್ವರ್ಟರ್‌ನವರು ‘ಬ್ಯಾಟರಿ ಹೋಗಿದೆ’ ಎನ್ನುತ್ತಾರೆ. ಹೀಗೆ ಮಾತು ಅತ್ತಿಂದಿತ್ತ ಓಡಾಡುವುದನ್ನು ತಪ್ಪಿಸಬೇಕಾದರೆ, ನಾಲ್ಕರಲ್ಲಿ ಮೂರು ಕಾರಣ ಅಲ್ಲವೆಂಬುದು ದೂರಿನಲ್ಲೇ ಕಾಣಬೇಕು. ಮನೆಯಲ್ಲಿ ಏನೇನು ಪರೀಕ್ಷಿಸಲಾಯಿತು ಎಂದು ಬರೆಯುವುದು ಇದಕ್ಕಾಗಿಯೇ.

ದೂರನ್ನು ಓದುವವರು ಇಬ್ಬರು ಎಂಬುದನ್ನೂ ಗಮನಿಸಬೇಕು. ಮೊದಲನೆಯವರು ಫೋನ್ ಎತ್ತುವವರು ಅಥವಾ ಇಮೇಲ್ ತೆರೆಯುವವರು. ಅವರಿಗೆ ಬ್ಯಾಟರಿಯ ಒಳಗುಟ್ಟು ಗೊತ್ತಿರಬೇಕೆಂದಿಲ್ಲ. ಕಂಪ್ಯೂಟರಿನಲ್ಲಿ ಮಾಡೆಲ್, ಸೀರಿಯಲ್ ನಂಬರ್, ಕೊಂಡ ದಿನಾಂಕ, ಸಮಸ್ಯೆಯ ಬಗೆ ಎಂಬ ಖಾನೆಗಳನ್ನು ತುಂಬಿ ಕಂಪ್ಲೇಂಟ್ ನಂಬರ್ ಕೊಡುವುದು ಅವರ ಕೆಲಸ. ಎರಡನೆಯವರು ಮನೆಗೆ ಬರುವ ಟೆಕ್ನೀಷಿಯನ್ ಮತ್ತು ಅವರ ವರದಿ ನೋಡಿ ಬ್ಯಾಟರಿ ಬದಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸೇವಾ ಕೇಂದ್ರದವರು. ಮೊದಲನೆಯವರಿಗೆ ಖಾನೆ ತುಂಬಲು ಬೇಕಾದ ವಿವರ ದೂರಿನ ಆರಂಭದಲ್ಲೇ ಸಿಗಬೇಕು. ಎರಡನೆಯವರಿಗೆ ಅಳತೆಗಳು ಬೇಕು. ಗ್ರಾಹಕರ ಸಿಟ್ಟು ಇಬ್ಬರಿಗೂ ಉಪಯೋಗಕ್ಕೆ ಬರುವುದಿಲ್ಲ, ಅದು ಎಷ್ಟೇ ನ್ಯಾಯವಾದದ್ದಿರಲಿ.

ಒಂದು ಉದಾಹರಣೆಯನ್ನು ಹಿಡಿದು ನೋಡಬಹುದು. ತುಮಕೂರಿನ ಒಂದು ಮನೆಯಲ್ಲಿ 900 ವಿಎ ಇನ್ವರ್ಟರ್, ಅದಕ್ಕೆ 12 ವೋಲ್ಟ್, 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ ಇದೆ ಎಂದುಕೊಳ್ಳೋಣ. 2023ರ ಮಾರ್ಚ್‌ನಲ್ಲಿ ಕೊಂಡದ್ದು. ಮೂರು ಫ್ಯಾನು, ಐದು ಎಲ್‌ಇಡಿ ಬಲ್ಬು, ಒಂದು ವೈಫೈ ಪೆಟ್ಟಿಗೆ ಅದರ ಮೇಲೆ ಓಡುತ್ತವೆ. ಎರಡು ವರ್ಷ ಎಷ್ಟು ಹೊತ್ತು ಕರೆಂಟ್ ಹೋದರೂ ತೊಂದರೆ ಇರಲಿಲ್ಲ. 2025ರ ಮೇ ತಿಂಗಳಿಂದ ಒಂದು ಗಂಟೆಯೊಳಗೆ ಬೀಪ್ ಹೊಡೆದು ಎಲ್ಲವೂ ಆರಿಹೋಗುತ್ತಿದೆ.

‘ಕಡಿಮೆ ಹೊತ್ತು’ ಎನ್ನಬೇಕಾದರೆ ಎಷ್ಟು ಹೊತ್ತು ಬರಬೇಕಿತ್ತು ಎಂಬುದು ತಿಳಿದಿರಬೇಕು. ಹಳೆಯ ಮಾದರಿಯ ಫ್ಯಾನಿಗೆ 75 ವಾಟ್‌ನಂತೆ ಮೂರಕ್ಕೆ 225, ಬಲ್ಬಿಗೆ 9ರಂತೆ ಐದಕ್ಕೆ 45, ವೈಫೈ ಪೆಟ್ಟಿಗೆಗೆ 10. ಒಟ್ಟು 280 ವಾಟ್. ಬ್ಯಾಟರಿಯಲ್ಲಿರುವ ಶಕ್ತಿ 12 ವೋಲ್ಟ್ ಗುಣಿಸು 150, ಅಂದರೆ 1800 ವಾಟ್-ಗಂಟೆ. ಇದನ್ನು ನೇರವಾಗಿ 280ರಿಂದ ಭಾಗಿಸಿ ಆರೂವರೆ ಗಂಟೆ ಬರಬೇಕಿತ್ತೆಂದು ವಾದಿಸಿದರೆ ಕಂಪನಿಯವರು ಒಪ್ಪುವುದಿಲ್ಲ. ಒಪ್ಪದಿರುವುದು ಸರಿಯೂ ಹೌದು. ಬ್ಯಾಟರಿಯ ಮೇಲಿನ 150 ಎಂಬ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. ನಾಲ್ಕೈದು ಗಂಟೆಯಲ್ಲಿ ಖಾಲಿ ಮಾಡಿದರೆ ಅದರ ಐದನೇ ಒಂದು ಭಾಗದಷ್ಟು ಕೈಗೆ ಸಿಗುವುದಿಲ್ಲ. ಇನ್ವರ್ಟರ್ ತನ್ನ ಕೆಲಸಕ್ಕೆಂದು ಹೆಚ್ಚುಕಡಿಮೆ ಇನ್ನೊಂದು ಐದನೇ ಭಾಗವನ್ನು ತಿನ್ನುತ್ತದೆ. ಕೊನೆಗೆ ಉಳಿಯುವುದು 1150ರ ಆಸುಪಾಸು. 280 ವಾಟ್‌ಗೆ ಅದು ಸುಮಾರು ನಾಲ್ಕು ಗಂಟೆ. ಎರಡು ವರ್ಷ ಹಳೆಯ ಬ್ಯಾಟರಿ ಮೂರೂವರೆ ಗಂಟೆ ಕೊಟ್ಟರೂ ಅದನ್ನು ದೋಷ ಎನ್ನಲಾಗದು. ಐವತ್ತು ನಿಮಿಷ ಎಂದರೆ ಮಾತ್ರ ಏನೋ ಕೆಟ್ಟಿದೆ.

ಪರೀಕ್ಷೆಗಳಲ್ಲಿ ಮೊದಲನೆಯದಕ್ಕೆ ಯಾವ ಉಪಕರಣವೂ ಬೇಡ. ಮೇನ್ಸ್ ಆರಿಸಿ ಮನೆಯನ್ನು ಇನ್ವರ್ಟರ್ ಮೇಲೆ ಬಿಟ್ಟು, ಯಾವ ಯಾವ ಕೋಣೆಯ ಪ್ಲಗ್ಗಿನಲ್ಲಿ ಕರೆಂಟ್ ಇದೆ ಎಂದು ನೋಡಿಕೊಂಡು ಬಂದರಾಯಿತು. ಹೊಸದಾಗಿ ವೈರಿಂಗ್ ಮಾಡಿಸಿದ ಮನೆಗಳಲ್ಲಿ ಫ್ರಿಜ್ಜಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಸಿಕ್ಕಿಬಿದ್ದರೆ ಅಚ್ಚರಿಯಿಲ್ಲ. ಹಾಗೇನಾದರೂ ಇದ್ದರೆ ದೂರು ಅಲ್ಲಿಗೇ ಮುಗಿಯಿತು, ಕರೆಯಬೇಕಾದದ್ದು ಎಲೆಕ್ಟ್ರೀಷಿಯನ್ನರನ್ನು. ಇದರ ಜೊತೆಗೆ ಇನ್ವರ್ಟರಿನ ಹಿಂಬದಿಯನ್ನೂ ನೋಡಬೇಕು. ಬ್ಯಾಟರಿ ಟ್ಯೂಬುಲರೋ, ಫ್ಲಾಟ್ ಪ್ಲೇಟೋ, ಎಸ್‌ಎಂಎಫೋ ಎಂದು ಆರಿಸುವ ಪುಟ್ಟ ಸ್ವಿಚ್ಚು ಹಲವು ಮಾದರಿಗಳಲ್ಲಿ ಅಲ್ಲಿರುತ್ತದೆ. ಹಳೆಯ ಬ್ಯಾಟರಿ ತೆಗೆದು ಟ್ಯೂಬುಲರ್ ಇಟ್ಟವರು ಈ ಸ್ವಿಚ್ಚನ್ನು ಮರೆತಿದ್ದರೆ ಬ್ಯಾಟರಿ ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಕೆಲಸ ಮಾಡಿರುತ್ತದೆ.

ಎರಡನೆಯದು ಚಾರ್ಜಿನ ಪರೀಕ್ಷೆ. ಇದಕ್ಕೊಂದು ಸಾದಾ ಮಲ್ಟಿಮೀಟರ್ ಸಾಕು. ಕರೆಂಟ್ ಇದ್ದು ಇನ್ವರ್ಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆದರೆ, ಚಾರ್ಜ್ ಮುಂದುವರಿದಂತೆ ವೋಲ್ಟೇಜ್ 13.5ರಿಂದ 14.5ರ ನಡುವಿಗೆ ಏರಬೇಕು. ಗಂಟೆಗಟ್ಟಲೆ ಕಾದರೂ 12ರ ಹತ್ತಿರವೇ ಅಲುಗಾಡದೆ ನಿಂತಿದ್ದರೆ ಇನ್ವರ್ಟರಿನ ಚಾರ್ಜರ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಟರ್ಮಿನಲ್‌ನಲ್ಲಿ ಬಿಳಿ-ಹಸಿರು ಪುಡಿ ಕಟ್ಟಿ ಸಂಪರ್ಕ ತಪ್ಪಿದೆ ಎಂದರ್ಥ. ಬ್ಯಾಟರಿಯವರಿಗೆ ಬರೆಯಬೇಕೋ ಇನ್ವರ್ಟರ್‌ನವರಿಗೆ ಬರೆಯಬೇಕೋ ಎಂಬುದನ್ನು ಬಹುಮಟ್ಟಿಗೆ ಈ ಅಳತೆಯೇ ತೀರ್ಮಾನಿಸುತ್ತದೆ. ತುಮಕೂರಿನ ಮನೆಯಲ್ಲಿ ಹದಿನಾಲ್ಕು ಗಂಟೆ ಚಾರ್ಜ್ ಆದ ಮೇಲೆ 13.7 ಬಂದಿತು. ಅಂದರೆ ಚಾರ್ಜ್ ಹೋಗುತ್ತಿದೆ. ಆದರೂ ಫುಲ್ ಚಾರ್ಜ್ ದೀಪ ಹತ್ತಲಿಲ್ಲ, ಬ್ಯಾಟರಿಯ ಒಂದು ಕಡೆ ಮುಟ್ಟಿದರೆ ಬೆಚ್ಚಗಿತ್ತು.

ಆಮೇಲೆ ಮೇನ್ಸ್ ಮತ್ತು ಇನ್ವರ್ಟರ್ ಎರಡನ್ನೂ ಆರಿಸಿ ನಾಲ್ಕು ಗಂಟೆ ಬಿಟ್ಟು ಅಳೆದಾಗ 12.4 ವೋಲ್ಟ್ ಬಂದಿತು. ಹಲವರು ದಾರಿ ತಪ್ಪುವುದು ಈ ಅಂಕಿಯನ್ನು ನೋಡಿ. ಪೂರ್ತಿ ಚಾರ್ಜಾದ ಟ್ಯೂಬುಲರ್ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ತೋರಿಸುವುದು ಸುಮಾರು 12.5. ವ್ಯತ್ಯಾಸ ಕೂದಲೆಳೆಯಷ್ಟು. ‘ವೋಲ್ಟೇಜ್ ಸರಿ ಇದೆ’ ಎಂದು ಟೆಕ್ನೀಷಿಯನ್ ಬರೆದು ಹೊರಟುಹೋದರೆ ಅವರು ಸುಳ್ಳು ಹೇಳಿದಂತಾಗುವುದಿಲ್ಲ.

ಅಸಲು ಸಂಗತಿ ಬ್ಯಾಟರಿಯ ರಚನೆಯಲ್ಲಿದೆ. ಹೊರಗೆ ಒಂದೇ ಪೆಟ್ಟಿಗೆಯಂತೆ ಕಂಡರೂ ಒಳಗೆ ಎರಡೆರಡು ವೋಲ್ಟಿನ ಆರು ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಕರೆಂಟ್ ಆರನ್ನೂ ಹಾದೇ ಹೊರಬರಬೇಕು. ಆರರಲ್ಲಿ ಒಂದು ಸೋತರೂ ಕೆಲಸ ಇಲ್ಲದಾಗ ಅದು ಹೆಚ್ಚುಕಡಿಮೆ ಎರಡು ವೋಲ್ಟನ್ನೇ ತೋರಿಸುತ್ತಿರುತ್ತದೆ. ಫ್ಯಾನು ತಿರುಗತೊಡಗಿದ ಮೇಲೆ ಮಾತ್ರ ಆ ಸೆಲ್ ಬೇಗನೆ ಬರಿದಾಗುತ್ತದೆ, ಒಟ್ಟು ವೋಲ್ಟೇಜಿನಿಂದ ಎರಡು ವೋಲ್ಟ್ ಕಳಚಿಕೊಳ್ಳುತ್ತದೆ. ಬ್ಯಾಟರಿ 10.5ರ ಸುತ್ತಮುತ್ತ ಬಂದೊಡನೆ ಇನ್ವರ್ಟರ್ ಅದನ್ನು ಖಾಲಿಯೆಂದು ಭಾವಿಸಿ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಉಳಿದ ಐದು ಸೆಲ್‌ಗಳಲ್ಲಿ ಇನ್ನೂ ಮೂರು ಗಂಟೆಯ ಶಕ್ತಿ ಇದ್ದರೂ ಅದು ಯಾರಿಗೂ ದಕ್ಕುವುದಿಲ್ಲ.

ಇದನ್ನು ಹಿಡಿಯುವ ಸಾಧನ ಹೈಡ್ರೋಮೀಟರ್. ಮೇಲೊಂದು ರಬ್ಬರ್ ಬುಗ್ಗೆ, ಗಾಜಿನ ಕೊಳವೆ, ಒಳಗೊಂದು ತೇಲುಕಡ್ಡಿ; ಬ್ಯಾಟರಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬ್ಯಾಟರಿಯ ಮೇಲಿನ ಆರು ನೀರಿನ ಮಟ್ಟದ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು, ಪ್ರತಿ ಸೆಲ್‌ನಿಂದ ಸ್ವಲ್ಪ ಆಸಿಡ್ ಹೀರಿ, ತೇಲುಕಡ್ಡಿ ಎಲ್ಲಿ ನಿಂತಿತೆಂದು ಓದಿ, ಅದನ್ನು ಅದೇ ಸೆಲ್‌ಗೆ ಮರಳಿಸಬೇಕು. ಪೂರ್ತಿ ಚಾರ್ಜಾದ ಟ್ಯೂಬುಲರ್ ಬ್ಯಾಟರಿಯ ಗ್ರಾವಿಟಿ 1.240ರ ಸುತ್ತ ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ಸಾವಿರದ ಇನ್ನೂರ ನಲವತ್ತು’ ಎನ್ನುತ್ತಾರೆ. ತುಮಕೂರಿನ ಬ್ಯಾಟರಿಯಲ್ಲಿ ಪ್ಲಸ್ ಟರ್ಮಿನಲ್ ಕಡೆಯಿಂದ ಎಣಿಸಿದಾಗ ಬಂದ ಅಂಕಿಗಳು 1235, 1240, 1140, 1235, 1230, 1235. ಮೂರನೆಯ ಸೆಲ್ ಒಂಟಿಯಾಗಿ ಕೆಳಗೆ ಬಿದ್ದಿದೆ. ಸೆಲ್‌ಗಳ ನಡುವೆ ಐವತ್ತು ಅಂಕಿಗಿಂತ ಹೆಚ್ಚಿನ ಅಂತರ ಕಂಡರೆ ಆ ಸೆಲ್ ಕೆಟ್ಟಿದೆ ಎಂದೇ ತಿಳಿಯಬೇಕು. ಇಲ್ಲಿರುವುದು ನೂರರ ಹತ್ತಿರ.

ಆರೂ ಸೆಲ್‌ಗಳು ಒಟ್ಟಾಗಿ 1160ರಲ್ಲೋ 1170ರಲ್ಲೋ ನಿಂತಿದ್ದರೆ ಕತೆಯೇ ಬೇರೆ. ಆಗ ಬ್ಯಾಟರಿಗೆ ಸಾಕಷ್ಟು ಚಾರ್ಜ್ ಸಿಕ್ಕಿಲ್ಲ. ದೋಷ ಇನ್ವರ್ಟರಿನದೋ ಸರಬರಾಜಿನದೋ ಎಂದು ಹುಡುಕಬೇಕು. ಆರೂ 1240ರಲ್ಲಿದ್ದು, ಲೋಡೂ ಮೊದಲಿನಷ್ಟೇ ಇದ್ದು, ಆದರೂ ಹೊತ್ತು ಬರುತ್ತಿಲ್ಲವೆಂದರೆ ಪ್ಲೇಟ್‌ಗಳು ಸವೆದಿರಬಹುದು. ಅದು ಮನೆಯಲ್ಲಿ ತಿಳಿಯುವಂಥದ್ದಲ್ಲ, ಸೇವಾ ಕೇಂದ್ರದ ಲೋಡ್ ಟೆಸ್ಟ್ ಆಗಲೇಬೇಕು. ಇನ್ನೊಂದು ಎಚ್ಚರಿಕೆ: ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಗ್ರಾವಿಟಿ ನೋಡಬಾರದು. ನೀರು ಮೇಲೆಯೇ ನಿಂತಿರುವುದರಿಂದ ಅಂಕಿ ತಪ್ಪಾಗಿ ಕಡಿಮೆ ಬರುತ್ತದೆ. ನೀರು ಹಾಕಿ, ಪೂರ್ತಿ ಒಂದು ಸಲ ಚಾರ್ಜ್ ಮಾಡಿ, ಆಮೇಲೆ ಅಳೆಯಬೇಕು. ನೀರು ಹಾಕಿದ ದಿನಾಂಕವನ್ನು ದೂರಿನಲ್ಲಿ ಬರೆದರೆ ಈ ಅನುಮಾನಕ್ಕೆ ಎಡೆಯಿರುವುದಿಲ್ಲ.

ಈ ಕೆಲಸ ಎಲ್ಲರೂ ಮಾಡತಕ್ಕದ್ದೇನೂ ಅಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಹತ್ತಿರದಲ್ಲಿ ಬೆಂಕಿಕಡ್ಡಿ ಗೀರುವಂತಿಲ್ಲ. ಉಂಗುರ, ಬಳೆ, ಕಬ್ಬಿಣದ ಸ್ಪ್ಯಾನರ್ ಎರಡು ಟರ್ಮಿನಲ್‌ಗಳನ್ನು ಒಟ್ಟಿಗೆ ಮುಟ್ಟಿದರೆ ಕೈ ಸುಡುತ್ತದೆ. ಆಸಿಡ್ ಕಣ್ಣಿಗೆ ಸಿಡಿದರಂತೂ ಹೇಳುವುದೇ ಬೇಡ. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ಮುಚ್ಚಳ ತೆಗೆಯಬಾರದು. ಅಳುಕಿದ್ದವರು ಪರಿಚಯದ ಎಲೆಕ್ಟ್ರೀಷಿಯನ್ನರಿಂದ ಅಳತೆ ಮಾಡಿಸಿಕೊಂಡು ಅಂಕಿಗಳನ್ನು ಬರೆದಿಟ್ಟುಕೊಂಡರೆ ಸಾಕು. ಪರೀಕ್ಷೆಯ ಹೆಸರಿನಲ್ಲಿ ಖಂಡಿತ ಮಾಡಬಾರದ ಕೆಲಸಗಳೂ ಇವೆ. ಕೆಟ್ಟ ಸೆಲ್‌ಗೆ ಆಸಿಡ್ ಸುರಿಯುವುದು, ‘ಬ್ಯಾಟರಿ ಮತ್ತೆ ಹೊಸದಾಗುತ್ತೆ’ ಎಂದು ಮಾರುವ ದ್ರಾವಣಗಳನ್ನು ಹಾಕುವುದು, ಸೀರಿಯಲ್ ನಂಬರಿನ ಚೀಟಿಯನ್ನು ಉಜ್ಜಿ ತೊಳೆಯುವುದು. ವಾರಂಟಿ ತಿರಸ್ಕರಿಸಲು ಕಂಪನಿಗೆ ಇವುಗಳಲ್ಲಿ ಒಂದೇ ಸಾಕಾಗಬಹುದು.

ಇಷ್ಟಾದ ಮೇಲೆ ದೂರು ತಾನಾಗಿಯೇ ರೂಪ ತಳೆಯುತ್ತದೆ. ತುಮಕೂರಿನ ಮನೆಯವರು ಬ್ಯಾಟರಿ ಕಂಪನಿಗೆ ಹೀಗೆ ಬರೆಯಬಹುದು:

“ವಿಷಯ: 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಒಂದು ಸೆಲ್ ಕೆಟ್ಟಿದೆ, ವಾರಂಟಿಯಲ್ಲಿ ಬದಲಿ ಕೋರಿಕೆ.

ಮಾನ್ಯರೇ, ನಿಮ್ಮ ಕಂಪನಿಯ ಬ್ಯಾಟರಿಯನ್ನು 10 ಮಾರ್ಚ್ 2023ರಂದು ತುಮಕೂರಿನ ನಿಮ್ಮ ಡೀಲರ್ ಬಳಿ ಕೊಂಡಿದ್ದೇವೆ. ವಾರಂಟಿ 36+24 ತಿಂಗಳು. ಬಿಲ್, ವಾರಂಟಿ ಕಾರ್ಡ್, ಸೀರಿಯಲ್ ನಂಬರಿನ ಫೋಟೋ ಲಗತ್ತಿಸಿದ್ದೇವೆ.

280 ವಾಟ್ ಲೋಡಿಗೆ ಮೊದಲು ಮೂರೂವರೆ ಗಂಟೆಗೂ ಹೆಚ್ಚು ಬರುತ್ತಿದ್ದ ಬ್ಯಾಕಪ್ ಮೇ 2025ರಿಂದ ಸುಮಾರು 50 ನಿಮಿಷಕ್ಕೆ ಇಳಿದಿದೆ. ಲೋಡಿನಲ್ಲಾಗಲಿ ವೈರಿಂಗಿನಲ್ಲಾಗಲಿ ಬದಲಾವಣೆ ಆಗಿಲ್ಲ. ದಿನಕ್ಕೆ 20 ಗಂಟೆಗಿಂತ ಹೆಚ್ಚು ಕರೆಂಟ್ ಇರುತ್ತದೆ.

ಮಾಡಿ ನೋಡಿದ್ದು: ಇನ್ವರ್ಟರಿನ ಸ್ವಿಚ್ಚು ಟ್ಯೂಬುಲರ್‌ನಲ್ಲೇ ಇದೆ. ಟರ್ಮಿನಲ್‌ಗಳು ಸ್ವಚ್ಛವಾಗಿವೆ. ಮೇ 25ರಂದು ಡಿಸ್ಟಿಲ್ಡ್ ವಾಟರ್ ಹಾಕಿ ಮಟ್ಟ ಸರಿ ಮಾಡಿದೆವು. ಜೂನ್ 1ರಂದು 14 ಗಂಟೆ ಚಾರ್ಜ್ ಮಾಡಿದ ಮೇಲೆ ಚಾರ್ಜಿಂಗ್ ವೋಲ್ಟೇಜ್ 13.7, ಎಲ್ಲ ಆರಿಸಿ 4 ಗಂಟೆ ಬಿಟ್ಟ ಮೇಲೆ 12.4. ಗ್ರಾವಿಟಿ, ಪ್ಲಸ್ ಕಡೆಯಿಂದ: 1235, 1240, 1140, 1235, 1230, 1235. ನಂತರ 280 ವಾಟ್ ಲೋಡ್ ಹಾಕಿದಾಗ 50ನೇ ನಿಮಿಷಕ್ಕೆ 10.6 ವೋಲ್ಟಿಗೆ ಬಂದು ಇನ್ವರ್ಟರ್ ಆಫ್ ಆಯಿತು. ಮೀಟರಿನ ವಿಡಿಯೋ ಲಗತ್ತಿಸಿದ್ದೇವೆ.

ನಮ್ಮ ಕೋರಿಕೆ: ಟೆಕ್ನೀಷಿಯನ್ ಹೈಡ್ರೋಮೀಟರ್ ಮತ್ತು ಲೋಡ್ ಟೆಸ್ಟರ್ ಸಮೇತ ಬಂದು ಪರೀಕ್ಷಿಸಲಿ. ಮೂರನೇ ಸೆಲ್ ಕೆಟ್ಟಿರುವುದು ಖಚಿತವಾದರೆ ಉಚಿತ ಬದಲಿ ಅವಧಿಯಲ್ಲಿರುವುದರಿಂದ ಹೊಸ ಬ್ಯಾಟರಿ ಕೊಡಬೇಕು. ಪರೀಕ್ಷೆಗೆ ಬ್ಯಾಟರಿ ಒಯ್ಯುವುದಾದರೆ ಅಲ್ಲಿಯವರೆಗೆ ಬದಲಿ ಬ್ಯಾಟರಿ ಇಟ್ಟುಹೋಗಬೇಕು. ಕೋರಿಕೆ ಒಪ್ಪದಿದ್ದರೆ ಕಾರಣವನ್ನು ಅಳತೆಗಳ ಸಹಿತ ಲಿಖಿತವಾಗಿ ತಿಳಿಸಬೇಕು. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮನೆಯಲ್ಲಿ ಇರುತ್ತೇವೆ.”

ಫೋನಿನಲ್ಲಿ ಹೇಳುವುದಾದರೆ ಇಷ್ಟನ್ನೂ ಓದಲು ಆಗುವುದಿಲ್ಲ. ‘150 ಎಎಚ್ ಟ್ಯೂಬುಲರ್, ಮೂರನೇ ಸೆಲ್ ಗ್ರಾವಿಟಿ 1140, ಉಳಿದವು 1235, ಬದಲಿ ಬೇಕು’ ಎಂಬ ಒಂದು ವಾಕ್ಯವನ್ನು ಟಿಪ್ಪಣಿಯಲ್ಲಿ ಹಾಗೆಯೇ ಬರೆದುಕೊಳ್ಳಿ ಎಂದು ಕೇಳಬೇಕು. ಬರೆದದ್ದನ್ನು ಒಮ್ಮೆ ಓದಿಸಿಕೊಳ್ಳಬೇಕು. ಟೆಕ್ನೀಷಿಯನ್ ಹೈಡ್ರೋಮೀಟರ್ ಇಟ್ಟುಕೊಂಡು ಹೊರಡುವುದು ಆ ವಾಕ್ಯವನ್ನು ಓದಿದರೆ. ಇಲ್ಲದಿದ್ದರೆ ಬರಿಗೈಯಲ್ಲಿ ಬಂದು ‘ಒಂದು ದಿನ ಪೂರ್ತಿ ಚಾರ್ಜ್ ಮಾಡಿ ನೋಡಿ’ ಎಂದು ಹೇಳಿ ಹೋಗುವ ಸಂಭವವೇ ಹೆಚ್ಚು. ಆ ಸಲಹೆ ತಪ್ಪೆಂದಲ್ಲ. ಬರೀ ಖಾಲಿಯಾದ ಬ್ಯಾಟರಿ ವಾರಂಟಿಗೆ ಬರುವುದಿಲ್ಲ. ಅದನ್ನು ಚಾರ್ಜ್ ಮಾಡಿ ಹಿಂದಿರುಗಿಸುವುದು ವಾಡಿಕೆ. ಹದಿನಾಲ್ಕು ಗಂಟೆ ಚಾರ್ಜ್ ಮಾಡಿದ ವಿಷಯ ದೂರಿನಲ್ಲೇ ಇದ್ದರೆ ಆ ಒಂದು ಸುತ್ತು ಉಳಿಯುತ್ತದೆ.

ಕೋರಿಕೆಯ ಭಾಗದ ಬಗ್ಗೆ ಇನ್ನಷ್ಟು ಹೇಳಬೇಕು. ‘ಸರಿಪಡಿಸಿ ಕೊಡಿ’ ಎಂದು ಬರೆದರೆ ಚಾರ್ಜ್ ಮಾಡಿ ಕೊಟ್ಟರೂ ಕೋರಿಕೆ ಈಡೇರಿಸಿದಂತೆಯೇ. ಇನ್ನೊಂದು ತುದಿಯಲ್ಲಿ, ಎರಡು ವರ್ಷ ಬಳಸಿದ ಬ್ಯಾಟರಿಗೆ ಪೂರ್ತಿ ಹಣ ವಾಪಸ್ ಕೇಳಿದರೆ ವಾರಂಟಿ ಪತ್ರದಲ್ಲಿಲ್ಲದ್ದನ್ನು ಕೇಳಿದಂತಾಗಿ ದೂರು ತೂಕ ಕಳೆದುಕೊಳ್ಳುತ್ತದೆ. ಕೇಳಬೇಕಾದದ್ದು ಏನೆಂಬುದನ್ನು ವಾರಂಟಿ ಕಾರ್ಡೇ ಹೇಳುತ್ತದೆ. 36+24 ಎಂದಿದ್ದರೆ ಮೊದಲ 36 ತಿಂಗಳು ಉಚಿತ ಬದಲಿ. ಮುಂದಿನ 24 ತಿಂಗಳು ಹೊಸ ಬ್ಯಾಟರಿಯ ಬೆಲೆಯಲ್ಲಿ ತಿಂಗಳ ಲೆಕ್ಕದ ರಿಯಾಯಿತಿ ಮಾತ್ರ. 2025ರ ಜೂನ್ ಎಂದರೆ 27ನೇ ತಿಂಗಳು ಕಳೆಯುವ ಹೊತ್ತು, ಹಾಗಾಗಿ ಪೂರ್ತಿ ಬದಲಿ ಕೇಳುವುದು ಹಕ್ಕು. 40ನೇ ತಿಂಗಳಿನಲ್ಲಿ ಇದೇ ಪತ್ರ ಬರೆಯುವುದಾದರೆ ‘ನಿಯಮದಂತೆ ರಿಯಾಯಿತಿ ಎಷ್ಟೆಂದು ತಿಳಿಸಿ’ ಎಂದು ಬದಲಾಯಿಸಬೇಕು.

ಪತ್ರ ಕಳಿಸಿದ ಮೇಲೆ ಕಂಪ್ಲೇಂಟ್ ನಂಬರ್ ಬರೆದಿಟ್ಟುಕೊಂಡು, ಮುಂದಿನ ಮಾತೆಲ್ಲ ಅದೇ ನಂಬರಿನ ಮೇಲೆ ನಡೆಸಬೇಕು. ಪ್ರತಿ ಸಲ ಹೊಸ ದೂರು ದಾಖಲಿಸಿದರೆ ಹಳೆಯ ಅಳತೆಗಳು ಹಿಂದೆ ಉಳಿದು ಎಲ್ಲವೂ ಮೊದಲಿಂದ ಶುರುವಾಗುತ್ತದೆ. ಕೆಲಸ ಮುಗಿದಾಗ ಗ್ರಾಹಕರ ಮೊಬೈಲಿಗೆ ಬರುವ ಕೋಡನ್ನು ಟೆಕ್ನೀಷಿಯನ್‌ಗೆ ಹೇಳಿದರೆ ದೂರು ಮುಚ್ಚಿಹೋಗುವ ಪದ್ಧತಿ ಈಗ ಹಲವು ಕಂಪನಿಗಳಲ್ಲಿದೆ. ‘ನೋಡಿಕೊಂಡು ಹೋಗಿದ್ದೇನೆ, ಕೋಡ್ ಹೇಳಿ’ ಎಂದು ಕೇಳಿದಾಗ ಕೊಡಬಾರದು. ಬ್ಯಾಟರಿ ಬದಲಾಗಿ ಒಂದು ಸಲ ಬ್ಯಾಕಪ್ ನೋಡಿದ ಮೇಲೆ ಕೊಟ್ಟರೆ ಸಾಕು. ಅವರು ಅಳೆದ ಗ್ರಾವಿಟಿ ಅಂಕಿಗಳಿರುವ ಚೀಟಿಯ ಪ್ರತಿಯನ್ನೂ ಕೇಳಿ ಪಡೆಯಬೇಕು. ಮನೆಯ ಅಳತೆಗೂ ಅವರ ಅಳತೆಗೂ ವ್ಯತ್ಯಾಸ ಬಂದರೆ ಮುಂದಿನ ಚರ್ಚೆ ನಡೆಯಬೇಕಾದದ್ದು ಆ ಚೀಟಿಯ ಮೇಲೆ.

ಕಂಪನಿ ಉತ್ತರಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಬ್ಯಾಟರಿಯನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು; ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಆಯೋಗದ ಮುಂದೆ ಇಡಬೇಕಾದ ದಾಖಲೆಗಳು ಮೇಲಿನ ಪತ್ರದಲ್ಲೇ ಇವೆ: ಬಿಲ್, ವಾರಂಟಿ ಕಾರ್ಡ್, ದಿನಾಂಕ ಸಹಿತ ಅಳತೆಗಳು, ಕೇಳಿದ ಪರಿಹಾರ, ಕಂಪನಿಯ ಉತ್ತರ ಅಥವಾ ಮೌನ.

ಬದಲಿ ಬ್ಯಾಟರಿ ಬಂದ ದಿನ ಅದರ ಸೀರಿಯಲ್ ನಂಬರನ್ನು ವಾರಂಟಿ ಕಾರ್ಡಿನಲ್ಲಿ ಬರೆಸಿಕೊಂಡು ಡೀಲರ್ ಮೊಹರು ಹಾಕಿಸಿಕೊಳ್ಳಬೇಕು. ಹೊಸ ಬ್ಯಾಟರಿ ಎಂದ ಮಾತ್ರಕ್ಕೆ ವಾರಂಟಿ ಸಾಮಾನ್ಯವಾಗಿ ಹೊಸದಾಗಿ ಶುರುವಾಗುವುದಿಲ್ಲ, ಮೊದಲು ಕೊಂಡ ದಿನದಿಂದಲೇ ಎಣಿಕೆಯಾಗುತ್ತದೆ. ತುಮಕೂರಿನ ಮನೆಗೆ ಉಚಿತ ಬದಲಿಯ ಅವಧಿ 2026ರ ಮಾರ್ಚ್‌ಗೆ ಮುಗಿಯುತ್ತದೆ.